ಆಪರೇಷನ್ ನಡುವೆ 20 ನಿಮಿಷದ ಬಯಾಪ್ಸಿ

ಗುಬ್ಬಿಯವರೊಬ್ಬರಿಗೆ ತುಮಕೂರಿನಲ್ಲಿ ಥೈರಾಯ್ಡ್ ಗಂಟಿನ ಆಪರೇಷನ್ ನಡೀತಿದೆ ಅಂದುಕೊಳ್ಳಿ. ಅರ್ಧ ಗ್ರಂಥಿ ತೆಗೆದಾಯ್ತು. ಉಳಿದರ್ಧವನ್ನೂ ತೆಗೀಬೇಕಾ? ಸರ್ಜನ್ ಕಾಯ್ತಿದ್ದಾರೆ.

ಗಂಟಿನ ತುಂಡು ಫಾರ್ಮಲಿನ್‌ಗೆ ಬೀಳದೆ ಹಸಿಯಾಗಿಯೇ ಲ್ಯಾಬ್‌ಗೆ ಬರುತ್ತೆ. ಜೆಲ್‌ನಲ್ಲಿ ಕೂರಿಸಿ, ಕ್ರಯೋಸ್ಟಾಟ್‌ನಲ್ಲಿ ಮೈನಸ್ 20 ಡಿಗ್ರಿ ಆಸುಪಾಸು ಗಟ್ಟಿ ಮಾಡಿ, 5 ಮೈಕ್ರಾನ್ ತೆಳುವಾಗಿ ಕತ್ತರಿಸಿ, ಬಣ್ಣ ಹಾಕ್ತಾರೆ. ಸುಮಾರು 20 ನಿಮಿಷಕ್ಕೆ ಥಿಯೇಟರ್‌ಗೆ ಫೋನ್.

ಆದರೆ ಫಾಲಿಕ್ಯುಲರ್ ಗಂಟು ಸತಾಯಿಸುತ್ತೆ. ಅದು ಕ್ಯಾನ್ಸರಾ ಅಂತ ಹೇಳೋಕೆ, ಸುತ್ತಲಿನ ಪೊರೆಯನ್ನೋ ರಕ್ತನಾಳವನ್ನೋ ಜೀವಕೋಶಗಳು ತೂರಿವೆಯಾ ನೋಡಬೇಕು. ಒಂದೆರಡು ಪದರದಲ್ಲಿ ಆ ಜಾಗ ಸಿಗದೇ ಹೋಗಬಹುದು. ಹಿಮದ ಹರಳುಗಳು ಕೋಶಗಳ ಚಹರೆಯನ್ನೂ ಕೆಡಿಸಿರುತ್ತವೆ.

ಆಗ ಪ್ಯಾಥಾಲಜಿಸ್ಟ್ ಉತ್ತರ: "ಪ್ಯಾರಾಫಿನ್‌ವರೆಗೆ ಕಾಯಿರಿ." ಪೊರೆಯ ಹಲವು ತುಂಡುಗಳು ಫಾರ್ಮಲಿನ್, ಆಲ್ಕೋಹಾಲ್, ಕ್ಸೈಲೀನ್ ದಾಟಿ ಮೇಣ ಸೇರುತ್ತವೆ. ವರದಿಗೆ ಕೆಲವು ದಿನ. ಸರ್ಜನ್ ಹೊಲಿಗೆ ಹಾಕ್ತಾರೆ; ಕ್ಯಾನ್ಸರ್ ಅಂತ ಬಂದರೆ ಇನ್ನೊಂದು ಆಪರೇಷನ್ ಬೇಕಾಗಬಹುದು.