ಬನ್ನಿಯ ಜೊತೆಗೊಂದು ಪತ್ರ

ಉತ್ತರ ಕರ್ನಾಟಕದಲ್ಲಿ ವಿಜಯದಶಮಿಯ ಸಂಜೆ ಕಿರಿಯರು ಹಿರಿಯರ ಕೈಗೆ ಬನ್ನಿ ಎಲೆ ಕೊಟ್ಟು ಕಾಲಿಗೆ ನಮಸ್ಕರಿಸುತ್ತಾರೆ. ‘ಬನ್ನಿ ತಗೊಂಡು ಬಂಗಾರದ್ಹಂಗ ಇರೋಣ’ ಎಂಬುದು ಆ ಹೊತ್ತಿನ ಮಾತು. ಊರಲ್ಲಿದ್ದವರು ಕಲಿಸಿದ ಮಾಸ್ತರ ಮನೆಗೂ ಹೋಗಿ ಬರುತ್ತಾರೆ. ಊರು ಬಿಟ್ಟವರು ಪತ್ರ ಬರೆಯಬೇಕು, ತೊಡಕು ಶುರುವಾಗುವುದು ಅಲ್ಲೇ.

ಧಾರವಾಡದ ನನ್ನ ಅಕ್ಕನ ಮಗ ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದಾನೆ. ತನ್ನ ಗಣಿತದ ಸರ್‌ಗೆ ಬರೆದದ್ದನ್ನು ತೋರಿಸಿದ. ‘ತಾವು ಜ್ಞಾನಸಾಗರ, ನಮ್ಮ ಬಾಳಿನ ಜ್ಯೋತಿ. ತಾವಿಲ್ಲದಿದ್ದರೆ ನಾನು ಏನೂ ಆಗುತ್ತಿರಲಿಲ್ಲ.’ ಹೆಸರು ಬದಲಿಸಿದರೆ ಇದನ್ನು ಯಾವ ಶಿಕ್ಷಕರ ಬೀಳ್ಕೊಡುಗೆ ಸಮಾರಂಭದಲ್ಲಾದರೂ ಓದಬಹುದಿತ್ತು.

“ಸರ್ ಅಂದಕೂಡಲೇ ನಿನಗ ಮೊದಲ ಏನ್ ನೆನಪಾಗ್ತದ?” ಎಂದೆ.

“ಕೆಂಪು ಗೆರಿ, ಮಾಮಾ.”

ಲೆಕ್ಕ ತಪ್ಪಿದರೆ ಅವರು ಇಡೀ ಪುಟಕ್ಕೆ ಕಾಟು ಹಾಕುತ್ತಿರಲಿಲ್ಲವಂತೆ. ಸರಿಯಿದ್ದ ಕೊನೆಯ ಸಾಲಿನ ಕೆಳಗೆ ಗೆರೆ ಎಳೆದು ‘ಇಲ್ಲೀತನಕ ಸರಿ’ ಎಂದು ಬರೆಯುತ್ತಿದ್ದರಂತೆ. ಪತ್ರಕ್ಕೆ ಬೇಕಾದದ್ದು ಸಿಕ್ಕಿತ್ತು. ಅವನು ಮತ್ತೆ ಬರೆದ:

‘ಪೂಜ್ಯ ಗುರುಗಳಿಗೆ ನಮಸ್ಕಾರಗಳು. ನೀವು ನನ್ನ ವಹಿಯಲ್ಲಿ “ಇಲ್ಲೀತನಕ ಸರಿ” ಎಂದು ಬರೆಯುತ್ತಿದ್ದಿರಿ. ಈಗ ಕಚೇರಿಯ ಲೆಕ್ಕ ತಾಳೆಯಾಗದಿದ್ದರೆ ನಾನೂ ಗಾಬರಿಯಾಗುವುದಿಲ್ಲ, ಎಲ್ಲೀತನಕ ಸರಿಯಿದೆ ಎಂದು ಮೊದಲು ಹುಡುಕುತ್ತೇನೆ. ರೇಖಾಗಣಿತ ಮಾತ್ರ ನನಗೆ ಇವತ್ತಿಗೂ ಹತ್ತಲಿಲ್ಲ. ದಸರಾ ಹಬ್ಬದ ಶುಭಾಶಯಗಳು. ನಿಮ್ಮ ಮೊಣಕಾಲು ನೋವು ಕಡಿಮೆಯಾಗಿ, ಈ ಸಲವೂ ಸೀಮೋಲ್ಲಂಘನಕ್ಕೆ ನಡೆದೇ ಹೋಗುವಂತಾಗಲಿ. ಇಂತಿ ನಿಮ್ಮ ವಿದ್ಯಾರ್ಥಿ.’

‘ಪೂಜ್ಯ’ ಎಂಬುದನ್ನು ನಾನು ತೆಗೆಸಲಿಲ್ಲ. ಅದು ನಮ್ಮ ಕಡೆ ಪತ್ರದ ರೂಢಿ, ಹೊಗಳಿಕೆಯಲ್ಲ. ಹೊಗಳಿಕೆ ಎನಿಸುವುದು ಶಿಕ್ಷಕರು ತಾವೇ ನಂಬದ ಮಾತು. ತಮ್ಮಿಂದಲೇ ಈ ಹುಡುಗ ಮನುಷ್ಯನಾದ ಎಂದರೆ ಅವರು ನಕ್ಕು ಬದಿಗಿಡುತ್ತಾರೆ. ಕೆಂಪು ಗೆರೆ ಇನ್ನೂ ಉಪಯೋಗಕ್ಕೆ ಬರುತ್ತಿದೆ ಎಂದರೆ ನಂಬುತ್ತಾರೆ, ಏಕೆಂದರೆ ಅದನ್ನು ಎಳೆದದ್ದು ಅವರದೇ ಕೈ. ರೇಖಾಗಣಿತದ ಸಾಲು ಬಂದದ್ದರಿಂದ ಅದರ ಹಿಂದಿನ ಮಾತಿಗೂ ತೂಕ ಬಂತು. ಹಾರೈಕೆಯಲ್ಲೂ ‘ಸಕಲ ಐಶ್ವರ್ಯ’ದ ಬದಲು ಅವರ ಮೊಣಕಾಲು ಬಂತು.

ಒಂದು ಸಾಲನ್ನು ಮಾತ್ರ ನಾನೇ ಹೊಡೆದುಹಾಕಿದೆ. ತಂಗಿಯ ಕಾಲೇಜು ಪ್ರವೇಶಕ್ಕೆ ಒಂದು ಮಾತು ಹೇಳಿ ಎಂದು ಕೊನೆಯಲ್ಲಿ ಕೇಳಿದ್ದ. ಆ ಸಾಲು ಉಳಿದಿದ್ದರೆ ಮೇಲಿನ ಕೃತಜ್ಞತೆಯೆಲ್ಲ ಅರ್ಜಿಯ ಪೀಠಿಕೆಯಾಗುತ್ತಿತ್ತು. ಅದನ್ನು ಬೇಕಾದರೆ ಇನ್ನೊಂದು ದಿನ ಫೋನಿನಲ್ಲಿ ಕೇಳಲಿ.

ಲಕೋಟೆಗೆ ಅವನು ಬನ್ನಿಯ ಒಂದು ಎಸಳು ಹಾಕಿದ. ಬನ್ನಿಯ ಎಲೆ ಬಲು ಸಣ್ಣದು, ಒಣಗಿದರೆ ಕಡ್ಡಿ ಬಿಟ್ಟು ಉದುರುತ್ತದೆ. ಹೋಗಿ ಮುಟ್ಟುವಷ್ಟರಲ್ಲಿ ಪುಡಿಯಾಗುತ್ತದೆ ಎಂದೆ. ಅವನು ಪತ್ರವನ್ನು ಹೊರತೆಗೆದು ಕೆಳಗೆ ಇನ್ನೊಂದು ಸಾಲು ಸೇರಿಸಿದ: ‘ಎಲೆ ಉದುರಿದ್ದರೆ ಬೈಯಬೇಡಿ ಸರ್, ಅಂಚೆಪೆಟ್ಟಿಗೆತನಕ ಸರಿಯಿತ್ತು.’