ರಂಪಣಿ ಬಲೆಗೆ ನೂರಾ ಅರವತ್ತು ಮಕ್ಕಳು

ವಾರ್ಷಿಕೋತ್ಸವಕ್ಕೆ ಯಾವ ವಿಷಯ ಎಂದು ಯೋಚಿಸುವ ಮೊದಲು ಊರಲ್ಲಿ ಯಾವ ಕೆಲಸಕ್ಕೆ ಜನ ಸಾಲದೆ ಬರುತ್ತದೆ ಎಂದು ನೋಡಬೇಕು. ಕಾರ್ಕಳದ ಶಾಲೆಗೆ ಥಟ್ಟನೆ ಹೊಳೆಯುವುದು ಮಿಯ್ಯಾರಿನ ಕಂಬಳ. ಆದರೆ ಕಂಬಳದಲ್ಲಿ ಓಡುವವನು ಒಬ್ಬ, ಉಳಿದವರು ಗದ್ದೆ ಬದಿಯಲ್ಲಿ ಕೂಗುವವರು. ಚುರುಕಾದ ನಾಲ್ಕು ಹುಡುಗರು ಕೋಣ ಓಡಿಸುತ್ತಾರೆ, ಇನ್ನೂರು ಮಕ್ಕಳು ಚಪ್ಪಾಳೆ ತಟ್ಟುತ್ತಾರೆ. ಅದಕ್ಕಿಂತ ಗೊಮ್ಮಟ ವಾಸಿ. ವೀರಪಾಂಡ್ಯ 1432ರಲ್ಲಿ ನಿಲ್ಲಿಸಿದ ಆ 42 ಅಡಿಯ ಮೂರ್ತಿಯನ್ನು ಗಾಡಿಯ ಮೇಲಿಟ್ಟು ಬೆಟ್ಟಕ್ಕೆ ಎಳೆದರೆಂದು ಹೇಳುವ ಕಥೆಯಲ್ಲಿ ಎಳೆಯುವವರೇ ನಾಯಕರು.

ಕಾಪು, ಉಡುಪಿ ಕಡೆಯ ಶಾಲೆಗಳಿಗೆ ಇದೇ ಜಾತಿಯ ವಿಷಯ ಕೈರಂಪಣಿ. ದೋಣಿ ಬಲೆಯ ಒಂದು ತುದಿಯನ್ನು ದಡದಲ್ಲಿ ಬಿಟ್ಟು, ಮೀನಿನ ಹಿಂಡನ್ನು ಬಳಸಿಕೊಂಡು ಹೋಗಿ, ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ತರುತ್ತದೆ. ಆಮೇಲೆ ಎರಡೂ ಕಡೆ ಸಾಲುಗಟ್ಟಿ ನಿಂತವರು ಹಗ್ಗ ಎಳೆಯುತ್ತಾರೆ. 1970ರ ದಶಕದಲ್ಲಿ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಹಿಂದೆ ಸರಿಯಿತು. ಆದರೂ ಅಲ್ಲಲ್ಲಿ ಉಳಿದಿದೆ, ಮಕ್ಕಳನ್ನು ಒಂದು ಬೆಳಿಗ್ಗೆ ಕರೆದೊಯ್ದು ತೋರಿಸಬಹುದು.

ಶಾಲೆಯಲ್ಲಿ 160 ಮಕ್ಕಳಿದ್ದಾರೆ ಎಂದುಕೊಳ್ಳಿ. ಹಗ್ಗ ಎಳೆಯಲು 60, ಒಂದೊಂದು ಕಡೆ 30. ಒಂದು, ಎರಡನೇ ತರಗತಿಯ 40 ಮಕ್ಕಳು ಬಂಗುಡೆ, ಬೂತಾಯಿ. ದೋಣಿಗೆ 12, ತೆರೆಯ ಸದ್ದಿಗೆ 20, ಬುಟ್ಟಿ ಹೊತ್ತು ಮಾರಲು 16. ನೀರಿನ ಬಣ್ಣ ಮತ್ತು ಹಕ್ಕಿಗಳನ್ನು ನೋಡಿ ‘ಮೀನು ಬಂತು’ ಎಂದು ಕೂಗುವವರು 6, ಏಲಂ ಮಾಡಿ ಪಾಲು ಹಂಚುವವರು 6. ಓಡಾಡಲಾಗದ ಮಗುವಿದ್ದರೆ ಕೂಗುವ ಕೆಲಸವನ್ನು ಅದಕ್ಕೇ ಕೊಡಿ. ಆ ಕೂಗು ಬೀಳದೆ ದೋಣಿ ಹೊರಡುವಂತಿಲ್ಲ. ಮಣಿಪಾಲದಂಥ ಕಡೆ ಬೇರೆ ಬೇರೆ ಮನೆಮಾತಿನ ಮಕ್ಕಳಿರುತ್ತಾರೆ. ಏಲಂನಲ್ಲಿ ಅವರವರ ಭಾಷೆಯಲ್ಲೇ ದರ ಕೂಗಲಿ.

ಮೂವತ್ತು ಅಡಿ ಅಗಲ, ಇಪ್ಪತ್ತು ಅಡಿ ಆಳದ ವೇದಿಕೆಯಲ್ಲಿ ಅಷ್ಟೂ ಮಕ್ಕಳು ಹಿಡಿಸುವುದಿಲ್ಲ. ಹಾಗಾಗಿ ವೇದಿಕೆ ಕಡಲಾಗಲಿ, ಅಂಗಳ ದಡವಾಗಲಿ. ಎಂಬತ್ತು ಅಡಿಯ ಎರಡು ಹಗ್ಗಗಳು ವೇದಿಕೆಯಿಂದ ಇಳಿದು ಪ್ರೇಕ್ಷಕರ ಕುರ್ಚಿಗಳ ಎಡಬಲಕ್ಕೆ ಸಾಗುತ್ತವೆ. ಮಗುವಿಗೂ ಮಗುವಿಗೂ ಎರಡೂವರೆ ಅಡಿ ಅಂತರವಿಟ್ಟರೆ 30 ಜನ ಸರಿಹೋಗುತ್ತಾರೆ. ಹಿಂದಿನ ಸಾಲಿನ ಅಜ್ಜಿಗೂ ಮೊಮ್ಮಗ ಕೈಯಳತೆಯಲ್ಲೇ ಕಾಣುತ್ತಾನೆ. ತೆಂಗಿನ ನಾರಿನ ಹಗ್ಗ ಬೇಡ, ಅಂಗೈ ಸುಲಿಯುತ್ತದೆ. ಹಳೆಯ ಹತ್ತಿ ಸೀರೆ ಹೊಸೆದರೆ ಸಾಕು. ಬಲೆಗೆ ನಾಲ್ಕು ಸೀರೆಗಳನ್ನು ಉದ್ದಕ್ಕೆ ಹೊಲಿದರೆ ವೇದಿಕೆಯ ಮೂರು ಬದಿಗೆ ಸುತ್ತು ಬರುತ್ತದೆ. ಬಲೆಯನ್ನು ಹಗ್ಗಕ್ಕೆ ಕಟ್ಟಬೇಡಿ. ಕಟ್ಟಿದರೆ ಉತ್ಸಾಹದಲ್ಲಿ ಅದು ಹಗ್ಗಜಗ್ಗಾಟವಾಗಿ ಮೀನುಗಳು ಮುಗ್ಗರಿಸುತ್ತವೆ. ಮೀನಿನ ಮಕ್ಕಳೇ ಬಲೆಯನ್ನು ಒಳಗಿನಿಂದ ಹಿಡಿದು ನಡೆದು ಬರಲಿ.

ತೆರೆಯ ಸದ್ದು ಸಣ್ಣ ಸಂಗತಿಯೆಂದು ನಾನೂ ಎಣಿಸಿದ್ದೆ. ಗೆರಸೆಯಲ್ಲಿ ಒಂದು ಹಿಡಿ ಸಣ್ಣ ಜಲ್ಲಿ ಹಾಕಿ ನಿಧಾನವಾಗಿ ಓಲಾಡಿಸಿದರೆ ತೆರೆ ಹಿಂದೆ ಸರಿಯುವ ಸದ್ದೇ ಬರುತ್ತದೆ. ಇಪ್ಪತ್ತು ಗೆರಸೆಗಳು ಒಂದರ ಹಿಂದೊಂದು ಓಲಾಡಿದರೆ ಸದ್ದು ಅಂಗಳದ ಈ ತುದಿಯಿಂದ ಆ ತುದಿಗೆ ಹರಿಯುತ್ತದೆ. ಎಳೆಯುವವರ ಹೆಜ್ಜೆಗೂ ಅದೇ ತಾಳ. ಅಲ್ಲಿ ಎರಡು ಸ್ಟ್ಯಾಂಡ್ ಮೈಕ್ ಇಡಿ, ಸ್ಪೀಕರಿನ ರೆಕಾರ್ಡ್ ಹಾಡನ್ನು ನಿಲ್ಲಿಸಿ. ಹಾಡು ಬಂದರೆ ಆ ಇಪ್ಪತ್ತು ಮಕ್ಕಳು ಇದ್ದೂ ಇಲ್ಲದಂತೆ.

ಯಾರು ಬರೀ ತುಂಬಿಸಿದ ಲೆಕ್ಕ ಎಂದು ತಿಳಿಯಲು ಅಭ್ಯಾಸದ ದಿನ ಒಂದೊಂದೇ ಗುಂಪನ್ನು ಕೂರಿಸಿ ನೋಡಬೇಕು. ಗೆರಸೆ ನಿಂತರೆ ಹೆಜ್ಜೆ ತಪ್ಪಬೇಕು, ಬುಟ್ಟಿ ಬಾರದಿದ್ದರೆ ಏಲಂ ನಿಲ್ಲಬೇಕು. ಒಂದು ಗುಂಪು ಇಲ್ಲದೆಯೂ ಆಟ ಸರಾಗವಾಗಿ ಸಾಗಿದರೆ ಆ ಮಕ್ಕಳಿಗೆ ಬೇರೆ ಕೆಲಸ ಹುಡುಕಿ. ಯಕ್ಷಗಾನದ ಮೇಳಗಳು ಹೊಸಬರನ್ನು ಪೂರ್ವರಂಗದಲ್ಲೇ ಕೋಡಂಗಿ, ಬಾಲಗೋಪಾಲರಾಗಿ ಕುಣಿಸುತ್ತಿದ್ದವು. ಪ್ರಸಂಗದಲ್ಲಿ ಮಾತು ಬಾರದವನಿಗೂ ಅಲ್ಲಿ ರಂಗವಿತ್ತು. ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಲ್ಲಿ ಯಕ್ಷಗಾನ ಕಲಿಸುತ್ತಿರುವುದರಿಂದ ಹೆಜ್ಜೆ ಗೊತ್ತಿರುವ ದೊಡ್ಡ ಮಕ್ಕಳು ಹಲವು ಕಡೆ ಸಿಗುತ್ತಾರೆ. ಅವರನ್ನು ಹಗ್ಗದ ಮುಂದೆ ನಿಲ್ಲಿಸಬೇಡಿ. ಮಧ್ಯದಲ್ಲಿ ನಿಂತರೆ ಆಚೀಚೆಯವರು ಅವರನ್ನೇ ನೋಡಿ ಹೆಜ್ಜೆ ಹಾಕುತ್ತಾರೆ.

ಅಭ್ಯಾಸ ಗುಂಪುಗುಂಪಾಗಿ ಇಪ್ಪತ್ತು ನಿಮಿಷ ಸಾಕು, ಎಲ್ಲರೂ ಸೇರುವುದು ಕೊನೆಗೆ ಎರಡು ಸಲ. ಆಟ ಇಪ್ಪತ್ತೈದು ನಿಮಿಷ ಮೀರದಿರಲಿ. ಸಂಜೆ ಆರೂವರೆಗೇ ಇದನ್ನು ಮುಗಿಸಿಬಿಡಿ, ಭಾಷಣ ಆಮೇಲಾಗಲಿ. ಎಂಟರ ಹೊತ್ತಿಗೆ ಬೂತಾಯಿಗಳು ನಿದ್ದೆ ಹೋಗಿರುತ್ತವೆ.

ಆ ದಿನ ಇಬ್ಬರಿಗೆ ಜ್ವರ ಬಂದರೂ ಗಾಬರಿಯಿಲ್ಲ. ನೃತ್ಯದಲ್ಲಿ ಒಬ್ಬಳು ತಪ್ಪಿದರೆ ಸಾಲು ಕೆಡುತ್ತದೆ. ಇಲ್ಲಿ ಹಿಂದಿನವನು ಒಂದು ಹೆಜ್ಜೆ ಮುಂದೆ ಬಂದು ಹಗ್ಗ ಹಿಡಿಯುತ್ತಾನೆ. ಪಾಲು ಹಂಚುವಾಗ ಜ್ವರದಲ್ಲಿ ಮಲಗಿದವನ ಹೆಸರನ್ನೂ ಕರೆದು, ಅವನ ಕಾಗದದ ಬಂಗುಡೆಯನ್ನು ತೆಗೆದಿಡಬೇಕು.