ನೆರೆ ಇಳಿದ ಮೇಲೆ ವಿಮಾ ಕಂಪನಿಗೆ ಬರೆಯುವ ಪತ್ರ

ಪ್ರಥಮ ಪಿಯುಸಿಯ ವ್ಯವಹಾರ ಅಧ್ಯಯನದಲ್ಲಿ ವಿಮೆಯ ತತ್ವಗಳನ್ನು ಓದಿರುತ್ತೀರಿ. ಅವು ನಿಜವಾಗಿ ಕೆಲಸಕ್ಕೆ ಬರುವುದು ಕ್ಲೇಮ್ ಪತ್ರ ಬರೆಯಲು ಕೂತಾಗ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಬಂಟ್ವಾಳದಲ್ಲಿ ನೇತ್ರಾವತಿ ದಂಡೆಯ ಹತ್ತಿರ, ಕಟ್ಟಡದ ನೆಲಮಹಡಿಯಲ್ಲಿ ಲೆಕ್ಕಪತ್ರ ಬರೆದುಕೊಡುವ ಒಂದು ಸಣ್ಣ ಆಫೀಸು ಇದೆ ಎಂದುಕೊಳ್ಳಿ. ಜುಲೈ ತಿಂಗಳ ಒಂದು ರಾತ್ರಿ ಒಳಗೆ ಎರಡು ಅಡಿ ನೀರು ನಿಂತು, ಬೆಳಿಗ್ಗೆ ಇಳಿದಿದೆ. ಸಾಮಾನು ಸರಂಜಾಮಿಗೆ 3 ಲಕ್ಷ ರೂಪಾಯಿಯ ಅಗ್ನಿ ವಿಮೆ ಇದೆ. ಹೆಸರು ಅಗ್ನಿ ವಿಮೆಯಾದರೂ ಅದರಲ್ಲಿ ಸಾಮಾನ್ಯವಾಗಿ ಬಿರುಗಾಳಿ, ನೆರೆಯೂ ಸೇರಿರುತ್ತವೆ. ಸೇರಿದೆಯೇ ಎಂದು ಮೊದಲು ಪಾಲಿಸಿ ತೆಗೆದು ನೋಡಬೇಕು.

ಬಾಗಿಲು ತೆರೆದ ಕೂಡಲೇ ಎಲ್ಲರಿಗೂ ಬರುವ ಯೋಚನೆ ಕೆಸರು ತೊಳೆದು, ಹಾಳಾದದ್ದನ್ನು ಹೊರಗೆ ಎಸೆಯುವುದು. ಅದಕ್ಕೆ ಮೊದಲು ಫೋಟೋ ತೆಗೆಯಿರಿ. ಗೋಡೆಯ ಮೇಲೆ ನೀರು ನಿಂತ ಗೆರೆ ಕಾಣಬೇಕು. ಪ್ರತಿ ಯಂತ್ರದ ಸೀರಿಯಲ್ ನಂಬರ್ ಕಾಣಬೇಕು. ಒದ್ದೆಯಾದ ವಸ್ತುಗಳನ್ನು ಎತ್ತಿ ಒಣಗಿಸಿ ಇಡಬೇಕು, ಆದರೆ ಸರ್ವೇಯರ್ ಬಂದು ನೋಡುವವರೆಗೆ ಗುಜರಿಗೆ ಹಾಕಬಾರದು. ನಷ್ಟವನ್ನು ಕಡಿಮೆ ಮಾಡುವುದು ವಿಮೆದಾರನ ಕರ್ತವ್ಯ ಎಂಬ ತತ್ವ ನೆನಪಿದೆಯಲ್ಲ? ಇಲ್ಲಿ ಅದರ ಅರ್ಥ ಇಷ್ಟೇ. ಇನ್ನೊಂದು ಮಾತು: ಕೆಲಸ ಮಾಡುತ್ತದೋ ನೋಡೋಣ ಎಂದು ಒದ್ದೆ ಕಂಪ್ಯೂಟರಿನ ಸ್ವಿಚ್ ಹಾಕಬೇಡಿ. ಶಾರ್ಟ್ ಸರ್ಕ್ಯೂಟಿನಿಂದ ಆ ಯಂತ್ರಕ್ಕೇ ಆದ ಹಾನಿಯನ್ನು ಅಗ್ನಿ ವಿಮೆ ಸಾಮಾನ್ಯವಾಗಿ ಹೊರಗಿಡುತ್ತದೆ. ಆಗ ನೆರೆಯ ನಷ್ಟವೂ ವಾದಕ್ಕೆ ಸಿಕ್ಕಿಕೊಳ್ಳುತ್ತದೆ.

ಅದೇ ದಿನ ಫೋನಿನಲ್ಲಿ ತಿಳಿಸಿ, ಪತ್ರವನ್ನೂ ಕೊಡಬೇಕು. ಪತ್ರ ಹೀಗಿದ್ದರೆ ಸಾಕು:

ಶಾಖಾ ವ್ಯವಸ್ಥಾಪಕರಿಗೆ,
ವಿಷಯ: ಪಾಲಿಸಿ ಸಂಖ್ಯೆ ........ ಅಡಿಯಲ್ಲಿ ನೆರೆಯಿಂದಾದ ನಷ್ಟದ ಕ್ಲೇಮ್

ಮಾನ್ಯರೇ,
ದಿನಾಂಕ ........ ರಂದು ರಾತ್ರಿ ಸುಮಾರು 11 ಗಂಟೆಗೆ ನದಿಯ ನೀರು ಮೇಲಿನ ಪಾಲಿಸಿಯಲ್ಲಿ ನಮೂದಿಸಿದ ವಿಳಾಸದ ನಮ್ಮ ಆಫೀಸಿಗೆ ನುಗ್ಗಿ, ನೆಲದಿಂದ ಎರಡು ಅಡಿಯವರೆಗೆ ನಿಂತಿತ್ತು. ಬೆಳಿಗ್ಗೆ 7 ಗಂಟೆಗೆ ಇಳಿಯಿತು. ನೆಲದ ಮೇಲಿದ್ದ ಎರಡು ಸಿಪಿಯು (ಅಂದಾಜು 40,000 ರೂ.), ಜೆರಾಕ್ಸ್ ಯಂತ್ರದ ರಿಪೇರಿ (22,000 ರೂ.), ಯುಪಿಎಸ್ ಬ್ಯಾಟರಿ (12,000 ರೂ.), ಮರದ ಮೇಜು ಮತ್ತು ಕಪಾಟು (26,000 ರೂ.), ಒಟ್ಟು ಸುಮಾರು 1,00,000 ರೂ. ನಷ್ಟವಾಗಿದೆ. ಇದು ಪ್ರಾಥಮಿಕ ಅಂದಾಜು. ಹಾನಿಯಾದ ವಸ್ತುಗಳನ್ನು ಹಾಗೆಯೇ ಇಟ್ಟಿದ್ದೇವೆ. ದಯವಿಟ್ಟು ಸರ್ವೇಯರ್ ಅವರನ್ನು ಬೇಗ ಕಳುಹಿಸಬೇಕಾಗಿ ವಿನಂತಿ.

ಲಗತ್ತು: ಪಾಲಿಸಿಯ ಪ್ರತಿ, ಫೋಟೋಗಳು, ಖರೀದಿ ಬಿಲ್ಲುಗಳು, ರಿಪೇರಿಯ ಕೊಟೇಶನ್, ಆಸ್ತಿ ನೋಂದಣಿ ಪುಸ್ತಕದ ಪುಟ, ರದ್ದುಪಡಿಸಿದ ಚೆಕ್.

‘ಪ್ರಾಥಮಿಕ ಅಂದಾಜು’ ಎಂಬ ಎರಡು ಪದಗಳನ್ನು ಬಿಡಬೇಡಿ. ಒಂದು ವಾರದ ನಂತರ ಮಾನಿಟರೂ ಕೆಟ್ಟಿದೆ ಎಂದು ತಿಳಿದರೆ ಸೇರಿಸಲು ಅದು ದಾರಿ ಬಿಡುತ್ತದೆ. ಬಿಲ್ಲು ಕಳೆದುಹೋಗಿದ್ದರೆ ಅಂಗಡಿಯವರಿಂದ ನಕಲು ಪಡೆಯಬಹುದು, ಅಥವಾ ಹಣ ಕೊಟ್ಟ ಬ್ಯಾಂಕ್ ಸ್ಟೇಟ್‌ಮೆಂಟ್ ಇಡಬಹುದು. ಬೆಂಕಿಯಾಗಿದ್ದರೆ ಅಗ್ನಿಶಾಮಕ ಠಾಣೆಯ ವರದಿ ಮತ್ತು ಪೊಲೀಸರಿಗೆ ಕೊಟ್ಟ ದೂರಿನ ಪ್ರತಿಯನ್ನೂ ಕೇಳುತ್ತಾರೆ. ಒದ್ದೆಯಾದ ಫೈಲುಗಳು, ಡ್ರಾಯರಿನಲ್ಲಿದ್ದ ನಗದು ಇವುಗಳನ್ನು ಈ ಪಟ್ಟಿಯಲ್ಲಿ ಸೇರಿಸಿಲ್ಲ, ಗಮನಿಸಿದಿರಾ? ಇವುಗಳಿಗೆ ಪರಿಹಾರ ಇದೆಯೇ, ಇದ್ದರೆ ಎಷ್ಟರವರೆಗೆ ಎಂಬುದನ್ನು ಪಾಲಿಸಿಯಲ್ಲಿ ನೋಡಿಯೇ ಸೇರಿಸಬೇಕು.

ಇನ್ನು ಎಷ್ಟು ಸಿಗುತ್ತದೆ? ಸರ್ವೇಯರ್ 1 ಲಕ್ಷದ ನಷ್ಟವನ್ನು ಪೂರ್ತಿ ಒಪ್ಪಿದರೂ 1 ಲಕ್ಷ ಸಿಗಬೇಕೆಂದಿಲ್ಲ. ಆಫೀಸಿನ ಸಾಮಾನಿನ ನಿಜವಾದ ಬೆಲೆ 4 ಲಕ್ಷ, ವಿಮೆ 3 ಲಕ್ಷಕ್ಕೆ ಮಾತ್ರ ಎಂದು ಕಂಡುಬಂದರೆ, ಸರಾಸರಿ ಷರತ್ತಿನ ಪ್ರಕಾರ ನಾಲ್ಕರಲ್ಲಿ ಮೂರು ಪಾಲು, ಅಂದರೆ 75,000 ರೂಪಾಯಿ. ಉಳಿದ ಕಾಲು ಭಾಗಕ್ಕೆ ಮಾಲೀಕನೇ ವಿಮೆಗಾರ ಎಂಬುದು ಇದರ ತರ್ಕ. ಅದರಲ್ಲೂ ಪಾಲಿಸಿಯಲ್ಲಿ ಬರೆದ ಕಡ್ಡಾಯ ಕಡಿತ ಮತ್ತು ಗುಜರಿಯ ಬೆಲೆ ಕಳೆಯುತ್ತದೆ. ಹೊಸ ಬೆಲೆ ಕೊಡುವ ಷರತ್ತು ಇಲ್ಲದಿದ್ದರೆ ಹಳೆಯ ಕಂಪ್ಯೂಟರಿನ ಸವಕಳಿಯೂ ಹೋಗುತ್ತದೆ. ಪ್ರೀಮಿಯಂ ಉಳಿಸಲು ಕಡಿಮೆ ಮೊತ್ತಕ್ಕೆ ವಿಮೆ ಮಾಡಿಸಿದವರಿಗೆ ಈ ಲೆಕ್ಕ ಗೊತ್ತಾಗುವುದು ಹೆಚ್ಚಾಗಿ ಸರ್ವೇಯರ್ ವರದಿ ಬಂದಾಗಲೇ.

ಪತ್ರವನ್ನು ಎರಡು ಪ್ರತಿ ಮಾಡಿ. ಒಂದರ ಮೇಲೆ ಶಾಖೆಯ ಮೊಹರು, ದಿನಾಂಕ ಹಾಕಿಸಿಕೊಂಡು ಬನ್ನಿ. ಕ್ಲೇಮ್ ಸಂಖ್ಯೆ ಸಿಕ್ಕಿದ ಮೇಲೆ ಅದನ್ನೂ ಅದೇ ಪ್ರತಿಯಲ್ಲಿ ಬರೆದಿಡಿ. ಸರ್ವೇಯರ್ ಬಂದಾಗ ಆ ಪ್ರತಿ ಮತ್ತು ಫೋಟೋಗಳು ಕೈಗೆ ಸಿಗುವಂತಿರಲಿ.